11,250 ರೂಪಾಯಿ ಕ್ಲೇಮಿನ ನಿಜವಾದ ಬೆಲೆ

ಕಾರಿಗೆ ಆದ ಸಣ್ಣ ಪೆಟ್ಟಿಗೆ ವಿಮೆಯ ಕ್ಲೇಮ್ ಹಾಕುವುದಾ, ಕೈಯಿಂದ ಕೊಟ್ಟು ರಿಪೇರಿ ಮಾಡಿಸುವುದಾ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಪೆಟ್ಟು ಎಷ್ಟು ದೊಡ್ಡದು ಎಂದಲ್ಲ. ಪಾಲಿಸಿಯಲ್ಲಿ ಪ್ರೀಮಿಯಂ ಲೆಕ್ಕ ಇರುವ ಪುಟದ ಫೋಟೋ ಕಳಿಸಿ ಎನ್ನುತ್ತೇನೆ. ಮಂಗಳೂರಿನಲ್ಲಿ ಮೋಟಾರು ವಿಮೆಯ ಕ್ಲೇಮ್ ವಿಭಾಗದಲ್ಲಿ ಬಹಳ ವರ್ಷ ಕೂತು ಬಂದವನು ನಾನು. ಗ್ಯಾರೇಜಿನ ಎಸ್ಟಿಮೇಟ್ ಹಿಡಿದುಕೊಂಡು ಬರುವವರು ಬಹಳ ಮಂದಿ. ಆ ಪುಟವನ್ನು ಒಮ್ಮೆಯೂ ಓದದೆ ಬರುವವರೂ ಅಷ್ಟೇ ಮಂದಿ. ಉತ್ತರದ ಅರ್ಧ ಇರುವುದು ಆ ಪುಟದಲ್ಲಿ.

ಈ ಏಪ್ರಿಲ್ ಕೊನೆಯಲ್ಲಿ ಪ್ರಶ್ನೆ ನಮ್ಮ ಮನೆಗೇ ಬಂತು. ಅಕ್ಕನ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ, ಒಂದು ಕಾರು ಹೋದರೆ ಎದುರಿನಿಂದ ಇನ್ನೊಂದು ಬರಲಾಗದ ಓಣಿಯ ಒಳಗೆ. ಎದುರು ಬಂದ ಟೆಂಪೋಗೆ ದಾರಿ ಬಿಡಲು ಹಿಂದೆ ತೆಗೆಯುವಾಗ ಕಾರಿನ ಹಿಂದಿನ ಎಡಮೂಲೆ ಮುರಕಲ್ಲಿನ ಪಾಗಾರಕ್ಕೆ ತಾಗಿತು. ಸಾರಣೆ ಮಾಡದ ಮುರಕಲ್ಲು ಅಂದರೆ ಅರದ ಹಾಗೆ. ಬಂಪರ್ ಮೂಲೆಯಲ್ಲಿ ಒಡೆಯಿತು, ಹಿಂದಿನ ಎಡಬಾಗಿಲು ಸ್ವಲ್ಪ ಒಳಗೆ ಹೋಗಿ ಉದ್ದಕ್ಕೆ ಗೀರು ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ಕಂಪನಿಯ ಸರ್ವೀಸ್ ಸೆಂಟರಿನವರು ಎಸ್ಟಿಮೇಟ್ ಕೊಟ್ಟರು: ತೆರಿಗೆ ಸೇರಿ 15,500. ಜೊತೆಗೆ ಒಂದು ಸಲಹೆ. “ಕ್ಲೇಮ್ ಹಾಕುವ ಮೇಡಂ, ನಿಮ್ಮ ಕೈಯಿಂದ ಹೋಗುವುದು ನಾಲ್ಕು ಸಾವಿರ ಚಿಲ್ಲರೆ ಅಷ್ಟೇ.” ಭಾವನಿಗೂ ಅದೇ ಸರಿ ಕಂಡಿತು. ಅಕ್ಕ ಫೋನ್ ಮಾಡಿ, “ಇಷ್ಟು ವರ್ಷ ಕಟ್ಟಿದ್ದೇವಲ್ಲ ಮಾರಾಯ, ಒಂದು ಸಲವಾದರೂ ವಾಪಸ್ ಬರಲಿ. ತೆಗೊಳ್ಳದಿದ್ದರೆ ಇನ್ಶೂರೆನ್ಸ್ ಎಂತಕ್ಕೆ?” ಎಂದಳು.

ಅವಳ ಪ್ರಶ್ನೆ ನ್ಯಾಯದ್ದೇ. ಸಲಹೆ ಕೊಟ್ಟವರೂ ಸುಳ್ಳು ಹೇಳಿರಲಿಲ್ಲ. ಆದರೆ ಅವರು ಹೇಳಿದ್ದು ಈ ತಿಂಗಳ ಲೆಕ್ಕ ಮಾತ್ರ. ಈ ಕ್ಲೇಮಿನ ಬಾಕಿ ಮೊತ್ತ ಮುಂದಿನ ಐದು ರಿನ್ಯೂವಲ್‌ಗಳಲ್ಲಿ ಹಂಚಿಹೋಗಿರುತ್ತದೆ, ಯಾವ ಬಿಲ್ಲಿನಲ್ಲೂ ಕ್ಲೇಮಿನ ಹೆಸರಿನಲ್ಲಿ ಕಾಣುವುದಿಲ್ಲ.

ಮೊದಲು ಪಾಲಿಸಿಯ ಪುಟ. ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ನಮ್ಮ ಕಾರಿಗೆ ಆಗುವ ಹಾನಿಗೆ ಒಂದು, ಅದು ಓನ್ ಡ್ಯಾಮೇಜ್, ಎಲ್ಲರೂ ಓಡಿ ಎನ್ನುತ್ತಾರೆ. ಬೇರೆಯವರಿಗೆ ನಮ್ಮಿಂದ ಆಗುವ ಹಾನಿಗೆ ಇನ್ನೊಂದು, ಅದು ಥರ್ಡ್ ಪಾರ್ಟಿ. ಥರ್ಡ್ ಪಾರ್ಟಿಯ ದರವನ್ನು ಸರಕಾರ ನಿಗದಿ ಮಾಡುತ್ತದೆ. 1,000ದಿಂದ 1,500 ಸಿಸಿ ಒಳಗಿನ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರ 3,416 ರೂಪಾಯಿ. ನೀವು ಕ್ಲೇಮ್ ಮಾಡಿ, ಬಿಡಿ, ಆ ಭಾಗದಲ್ಲಿ ರಿಯಾಯಿತಿಯ ಮಾತೇ ಇಲ್ಲ. ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ, ಸಿಗುವುದು ಓಡಿ ಭಾಗಕ್ಕೆ ಮಾತ್ರ. “ನಾನು ಹದಿಮೂರು ಸಾವಿರ ಕಟ್ಟುತ್ತೇನೆ, ಅದರಲ್ಲಿ ಅರ್ಧ ಹೋದೀತು” ಎಂದು ಹೆದರುವವರು ತಪ್ಪು ಮೊತ್ತವನ್ನು ನೋಡಿ ಹೆದರುತ್ತಾರೆ. ಹುಡುಕಬೇಕಾದ್ದು ಎನ್‌ಸಿಬಿ ಕಳೆಯುವ ಮುಂಚಿನ ಓಡಿ ಮೊತ್ತ. ಅಕ್ಕನ ಕಾರು 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕನೇ ವರ್ಷ ನಡೆಯುತ್ತಿದೆ. ಬರುವ ನವೆಂಬರಿನ ರಿನ್ಯೂವಲ್‌ಗೆ ಆ ಮೊತ್ತ ಸುಮಾರು 8,000 ಆಗಬಹುದು ಎಂದು ಹಿಡಿದೆ.

ಇನ್ನು ಎನ್‌ಸಿಬಿಯ ಮೆಟ್ಟಿಲುಗಳು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಮುಂದಿನ ರಿನ್ಯೂವಲ್‌ಗೆ ಶೇ. 20 ರಿಯಾಯಿತಿ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ, ಮೇಲೆ ಹೋಗುವುದಿಲ್ಲ. ಯಾವ ಮೆಟ್ಟಿಲಿನಲ್ಲಿದ್ದರೂ ಒಂದು ಕ್ಲೇಮ್ ಆಯಿತೆಂದರೆ ಮುಂದಿನ ರಿನ್ಯೂವಲ್‌ಗೆ ಸೊನ್ನೆ. ಒಂದು ಮೆಟ್ಟಿಲು ಇಳಿಸುವ ಪದ್ಧತಿ ಇಲ್ಲಿಲ್ಲ. 2,000ದ ಕ್ಲೇಮಾದರೂ, 2 ಲಕ್ಷದ ಕ್ಲೇಮಾದರೂ ಬೀಳುವುದು ನೆಲಕ್ಕೇ. ಸಣ್ಣ ಕ್ಲೇಮಿನ ಬಗ್ಗೆ ಇಷ್ಟು ಯೋಚಿಸಬೇಕಾಗಿ ಬರುವುದೇ ಈ ಒಂದು ನಿಯಮದಿಂದ.

ಬಿದ್ದವರು ಮತ್ತೆ ಹತ್ತಲೇಬೇಕಲ್ಲ, ಆ ಹತ್ತುವ ಕಾಲವೇ ನಷ್ಟದ ಕಾಲ. ಅಕ್ಕನ ಈಗಿನ ಪಾಲಿಸಿಯಲ್ಲಿ ಶೇ. 35 ಇದೆ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ರಿನ್ಯೂವಲ್‌ಗಳಲ್ಲಿ ಅವಳಿಗೆ ಸಿಗುವುದು 45, 50, 50, 50, 50. ಮಾಡಿದರೆ 0, 20, 25, 35, 45. ವರ್ಷ ವರ್ಷದ ಅಂತರ 45, 30, 25, 15, 5. ಒಟ್ಟು ಶೇ. 120. ಅಂದರೆ ಇಂದಿನ ಒಂದು ಕ್ಲೇಮಿಗೆ ಅವಳು ಕಳೆದುಕೊಳ್ಳುವುದು, ಸ್ಥೂಲವಾಗಿ, ಇಡೀ ಒಂದು ವರ್ಷದ ರಿಯಾಯಿತಿರಹಿತ ಓಡಿ ಪ್ರೀಮಿಯಂ ಮತ್ತು ಅದರ ಮೇಲೆ ಐದನೇ ಒಂದು ಪಾಲು.

ಈ ಒಟ್ಟು ಮೊತ್ತ ಎಲ್ಲರಿಗೂ ಒಂದೇ ಅಲ್ಲ. ಹೊಸ ಕಾರಿನ ಮೊದಲ ವರ್ಷದಲ್ಲೇ ಕ್ಲೇಮ್ ಆದರೆ ಹೀಗೆಯೇ ಕೂಡಿದಾಗ ಬರುವುದು ಶೇ. 50 ಮಾತ್ರ. ಈಗ 20ರಲ್ಲಿ ಇರುವವರಿಗೆ 80, 25ರಲ್ಲಿ ಇರುವವರಿಗೆ 105, 35ಕ್ಕೆ 120, 45 ಅಥವಾ 50ರಲ್ಲಿ ಇರುವವರಿಗೆ 125. ಮೊದಲ ವರ್ಷದವರು ಕ್ಲೇಮಿಗೆ ಹೆದರಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ, ಮೂರು ನಾಲ್ಕು ವರ್ಷ ದಾಟಿದವರು ಹೆದರಬೇಕಾದ್ದಕ್ಕಿಂತ ಕಡಿಮೆ ಹೆದರುತ್ತಾರೆ ಎಂಬುದು ನಾನು ಕಂಡದ್ದು. ಹೊಸ ಕಾರಿನ ಮೊದಲ ಗೀರು ಮನಸ್ಸಿಗೆ ದೊಡ್ಡದು, ಅದಕ್ಕೆ ಹಾಗೆ ಇರಬೇಕು.

ಕಾರು ಹಳೆಯದಾದ ಹಾಗೆ ಅದರ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಬೆಲೆ, ಇಳಿಯುತ್ತದೆ. ಓಡಿ ಪ್ರೀಮಿಯಂ ಕೂಡ ಅದರ ಹಿಂದೆಯೇ ಇಳಿಯುತ್ತದೆ. ಹಾಗಾಗಿ ಐದೂ ವರ್ಷಕ್ಕೆ 8,000 ಎಂದು ಹಿಡಿಯಲಿಲ್ಲ. 8,000, 7,400, 6,800, 6,300, 5,900 ಎಂದು ಇಳಿಸುತ್ತಾ ಹೋದೆ. ಇದು ನನ್ನ ಅಂದಾಜು. ನೂರಿನ್ನೂರು ಆಚೀಚೆ ಆದರೆ ನಿರ್ಧಾರ ಬದಲಾಗುವುದಿಲ್ಲ. ಮೊದಲ ರಿನ್ಯೂವಲ್‌ನಲ್ಲಿ 8,000ದ ಶೇ. 45, ಅಂದರೆ 3,600 ಹೋಗುತ್ತದೆ. ಎರಡನೆಯದರಲ್ಲಿ 2,220, ಮೂರರಲ್ಲಿ 1,700, ನಾಲ್ಕರಲ್ಲಿ 945, ಐದರಲ್ಲಿ 295. ಕೂಡಿದರೆ 8,760. ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ ಇದೆಯಲ್ಲ, ಕಳೆದುಕೊಂಡ ರಿಯಾಯಿತಿಯ ಮೇಲೂ ಅದು ಬೀಳುತ್ತದೆ. ಅಲ್ಲಿಗೆ ಸುಮಾರು 10,340. ಈ ಹಣ ಇಂದೇ ಹೋಗುವುದಲ್ಲ, ಮುಂದೆ ಸ್ವಲ್ಪ ಸ್ವಲ್ಪವಾಗಿ ಹೋಗುವುದು ಎಂದು ಭಾವ ಹೇಳಿದ. ಸರಿಯಾದ ಮಾತು. ಬ್ಯಾಂಕಿನ ಠೇವಣಿಯ ಬಡ್ಡಿಯ ಲೆಕ್ಕದಲ್ಲಿ ಅದರಿಂದ ಒಂದು ಸಾವಿರದಷ್ಟು ಕಳೆಯಬಹುದು. ಅದಕ್ಕಿಂತ ಹೆಚ್ಚಿಲ್ಲ, ಯಾಕೆಂದರೆ ನಷ್ಟದ ದೊಡ್ಡ ಪಾಲು ಮೊದಲ ಎರಡು ರಿನ್ಯೂವಲ್‌ಗಳಲ್ಲೇ ಮುಗಿದುಹೋಗುತ್ತದೆ.

ಕ್ಲೇಮಿನಿಂದ ಕಳೆಯುವುದು ಇಷ್ಟು. ಬರುವುದು ಎಷ್ಟು? ಇಲ್ಲಿ 15,500 ಎಂಬ ಸಂಖ್ಯೆಯನ್ನು ಮರೆತುಬಿಡಬೇಕು. ವಿಮಾ ಕಂಪನಿ ಅಷ್ಟನ್ನೂ ಕೊಡುವುದಿಲ್ಲ.

ಅಕ್ಕನ ಎಸ್ಟಿಮೇಟ್‌ನಲ್ಲಿ ಹೊಸ ಬಂಪರ್ ಮತ್ತು ಅದರ ಕ್ಲಿಪ್ಪುಗಳಿಗೆ 4,500 ಇತ್ತು. ಬಂಪರ್ ಮತ್ತು ಬಾಗಿಲಿನ ಪೈಂಟಿಂಗಿಗೆ 8,000, ಬಾಗಿಲಿನ ಟಿಂಕರಿಂಗಿಗೆ 3,000. ಅವಳ ಪಾಲಿಸಿಯಲ್ಲಿ ಝೀರೋ ಡೆಪ್ ಇಲ್ಲ, ಆದ್ದರಿಂದ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಅರ್ಧ. ಬಂಪರ್ ಪ್ಲಾಸ್ಟಿಕ್ಕಿನದ್ದು, ಹಾಗಾಗಿ 4,500ರಲ್ಲಿ 2,250 ನಮ್ಮ ತಲೆಗೆ. ಪೈಂಟಿಂಗಿನಲ್ಲಿ ಬಣ್ಣದ ಸಾಮಾನಿಗೆ ಮಾತ್ರ ಸವಕಳಿ. ಬಿಲ್ಲಿನಲ್ಲಿ ಸಾಮಾನು, ಕೂಲಿ ಬೇರೆ ಬೇರೆ ತೋರಿಸದಿದ್ದರೆ ಒಟ್ಟು ಮೊತ್ತದ ಕಾಲು ಭಾಗವನ್ನು ಸಾಮಾನು ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. 8,000ದ ಕಾಲು 2,000, ಅದರ ಅರ್ಧ 1,000. ಟಿಂಕರಿಂಗ್ ಕೂಲಿಗೆ ಕಡಿತವಿಲ್ಲ. ಇಷ್ಟೆಲ್ಲ ಆದ ಮೇಲೆ ಪ್ರತಿ ಕ್ಲೇಮಿಗೂ ಒಂದು ಕಡ್ಡಾಯ ಕಡಿತ ಇದೆ: 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಹೀಗೆ ಕಂಪನಿಯಿಂದ ಬರುವುದು 11,250, ಅಕ್ಕ ಕೊಡಬೇಕಾದ್ದು 4,250.

11,250 ಬರುತ್ತದೆ, 10,340 ಹೋಗುತ್ತದೆ. ಹೆಚ್ಚುಕಡಿಮೆ ಸಮ. ಬಹಳ ಮಂದಿ ಇಷ್ಟಕ್ಕೇ ನಿಲ್ಲಿಸಿ, “ಹಾಗಾದರೆ ಕ್ಲೇಮೇ ಆಗಲಿ, ಕೈಯಲ್ಲಿ ಈಗ ದುಡ್ಡು ಉಳಿಯುತ್ತದೆ” ಎನ್ನುತ್ತಾರೆ. ನಾನು ನಿಲ್ಲಿಸಲಿಲ್ಲ, ಯಾಕೆಂದರೆ ಈ ಹೋಲಿಕೆಯಲ್ಲಿ ಒಂದು ತೊಡಕು ಉಳಿದಿದೆ. ಸ್ವಂತ ದುಡ್ಡಿನಲ್ಲಿ ಮಾಡಿಸುವುದಾದರೆ ಯಾರು ಸರ್ವೀಸ್ ಸೆಂಟರಿನ 15,500 ಕೊಡುತ್ತಾರೆ?

ಕಾರನ್ನು ಅಂಬಲಪಾಡಿ ಕಡೆಯ ಒಂದು ಟಿಂಕರಿಂಗ್ ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಅಲ್ಲಿ ಮೊದಲು ಕೇಳಿದ್ದು ದರವನ್ನಲ್ಲ. “ಅಣ್ಣ, ಬಂಪರ್ ಒಮ್ಮೆ ಬಿಚ್ಚಿ ಒಳಗೆ ತೋರಿಸಿ” ಎಂದೆ. ಇದನ್ನು ಮಾಡದೆ ನಿರ್ಧಾರಕ್ಕೆ ಬರಬಾರದು. ಹೊರಗೆ ಬೆರಳುದ್ದದ ಒಡಕು ಕಂಡರೂ ಒಳಗೆ ಬಂಪರ್ ಕೂರುವ ಬ್ರಾಕೆಟ್ ಮುರಿದಿರಬಹುದು, ಪಾರ್ಕಿಂಗ್ ಸೆನ್ಸರಿನ ವಯರು ಕಿತ್ತಿರಬಹುದು, ಹಿಂದಿನ ಲ್ಯಾಂಪಿನ ಕಾಲು ತುಂಡಾಗಿರಬಹುದು. ಬಾಗಿಲು ಮತ್ತು ಡಿಕ್ಕಿಯ ಸುತ್ತಲಿನ ಸಂದು ಎರಡೂ ಕಡೆ ಒಂದೇ ಅಗಲ ಇದೆಯೇ ಎಂದು ಬೆರಳಿಟ್ಟು ನೋಡಬೇಕು. ಒಂದು ಕಡೆ ಕಿರಿದಾಗಿದ್ದರೆ ಪೆಟ್ಟು ಬಾಡಿಯ ಒಳಗೆ ಹೋಗಿದೆ ಎಂದು ಅರ್ಥ. ಆಗ ಮಾತು ಹದಿನೈದು ಸಾವಿರದಲ್ಲಿ ಉಳಿಯುವುದಿಲ್ಲ, ಕ್ಲೇಮ್ ಹಾಕುವುದೇ ಸರಿ. ಅಕ್ಕನ ಕಾರಿನಲ್ಲಿ ಬ್ರಾಕೆಟ್ ಗಟ್ಟಿ ಇತ್ತು, ಸಂದುಗಳು ಸರಿ ಇದ್ದವು. ಒಡಕು ಸ್ಕ್ರೂ ಕೂರುವ ತೂತಿನಿಂದ ದೂರ ಇತ್ತು. ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಬೆಸೆದು, ಬಂಪರ್ ಪೂರ್ತಿ ಪೈಂಟ್ ಮಾಡಿದರೆ ನಿಲ್ಲುತ್ತದೆ ಎಂದರು. ತೂತಿನ ಹತ್ತಿರವೇ ಒಡೆದಿದ್ದರೆ ಬೆಸುಗೆ ನಿಲ್ಲುವುದು ಕಷ್ಟ, ಹೊಸತೇ ಹಾಕಬೇಕಾಗುತ್ತಿತ್ತು. ಬಂಪರಿಗೆ 4,000, ಬಾಗಿಲಿಗೆ 5,000. ಒಟ್ಟು 9,000.

ಈಗ ಎರಡು ದಾರಿಗಳಲ್ಲೂ ಅಕ್ಕನ ಕೈಯಿಂದ ಹೋಗುವ ಹಣವನ್ನಷ್ಟೇ ಪಕ್ಕಪಕ್ಕ ಇಡಿ. ಕ್ಲೇಮಿನ ದಾರಿಯಲ್ಲಿ ಇಂದು 4,250. ಸ್ವಂತ ದಾರಿಯಲ್ಲಿ ಇಂದು 9,000. ಕ್ಲೇಮಿನಿಂದ ನಿಜವಾಗಿ ಉಳಿಯುವುದು 11,250 ಅಲ್ಲ, 4,750. ಆ 4,750ಕ್ಕಾಗಿ ಮುಂದೆ 10,340 ಬಿಟ್ಟುಕೊಡಬೇಕು. ಝೀರೋ ಡೆಪ್ ಇದ್ದಿದ್ದರೂ ಇಲ್ಲಿ ಉತ್ತರ ತಿರುಗುತ್ತಿರಲಿಲ್ಲ. ಆಗ ಕೈಯಿಂದ ಹೋಗುವುದು 1,000 ಮಾತ್ರ, ಉಳಿತಾಯ 8,000. ಆದರೂ 10,340ಕ್ಕಿಂತ ಕಡಿಮೆ. ಎನ್‌ಸಿಬಿ ಪ್ರೊಟೆಕ್ಟ್ ಎಂಬ ಆಡ್-ಆನ್ ಇದ್ದಿದ್ದರೆ ಮಾತ್ರ ಬೇರೆಯೇ ಕತೆ. ಅದರ ಷರತ್ತಿನಲ್ಲಿ ಎಷ್ಟು ಕ್ಲೇಮ್‌ವರೆಗೆ ರಕ್ಷಣೆ ಎಂದು ಓದಿಕೊಂಡು, ಆರಾಮವಾಗಿ ಕ್ಲೇಮ್ ಮಾಡಬಹುದಿತ್ತು. ಅಕ್ಕನಿಗೆ ಅದು ಇರಲಿಲ್ಲ.

ಇಷ್ಟಾದರೂ ನನಗೆ ಪೂರ್ತಿ ಸಮಾಧಾನ ಇರಲಿಲ್ಲ. 10,340 ಎಂಬುದರ ಒಳಗೆ ಒಂದು ಊಹೆ ಅಡಗಿದೆ: ಮುಂದಿನ ಐದು ವರ್ಷ ಇನ್ನೊಂದು ಕ್ಲೇಮ್ ಆಗುವುದಿಲ್ಲ ಎಂಬ ಊಹೆ. ಎನ್‌ಸಿಬಿ ಉಳಿಸಿಕೊಳ್ಳುವುದಕ್ಕೆ ಬೆಲೆ ಬರುವುದು ಅದು ಆಮೇಲೂ ಉಳಿದರೆ ಮಾತ್ರ. ಈ ಮಾತನ್ನು ಯಾವ ಏಜೆಂಟರೂ ಹೇಳಿದ್ದನ್ನು ನಾನು ಕೇಳಿಲ್ಲ, ಆದರೆ ನಿರ್ಧಾರ ಗಟ್ಟಿಯಾಗುವುದು ಇಲ್ಲೇ.

ಅಕ್ಕ ಇವತ್ತು 9,000 ಕೊಟ್ಟು ರಿಪೇರಿ ಮಾಡಿಸಿದಳು ಎನ್ನಿ. ಜುಲೈನಲ್ಲಿ ಜೋರು ಗಾಳಿಗೆ ತೆಂಗಿನ ಮರ ಕಾರಿನ ಮೇಲೆ ಬಿತ್ತು, ಅಥವಾ ಮಂಗಳೂರಿನ ಕೊಟ್ಟಾರದ ಹತ್ತಿರ ನಿಂತ ನೀರಿನಲ್ಲಿ ಕಾರು ಸಿಕ್ಕಿಕೊಂಡಿತು. ಆಗ ದೊಡ್ಡ ಕ್ಲೇಮ್ ಹಾಕಲೇಬೇಕು, ನವೆಂಬರಿನಲ್ಲಿ ಎನ್‌ಸಿಬಿ ಹೇಗೂ ಸೊನ್ನೆ. ಏಪ್ರಿಲಿನಲ್ಲಿ ಅವಳು ಹೆಚ್ಚುವರಿಯಾಗಿ ಕೊಟ್ಟ 4,750 ಯಾವ ಉಪಯೋಗಕ್ಕೂ ಬರಲಿಲ್ಲ. ಒಂದೇ ಪಾಲಿಸಿ ವರ್ಷದಲ್ಲಿ ಕ್ಲೇಮ್ ಒಂದಾದರೂ ಎರಡಾದರೂ ಎನ್‌ಸಿಬಿ ಹೋಗುವುದು ಒಂದೇ ಸಲ. ಹಾಗಾಗಿ ರಿನ್ಯೂವಲ್‌ಗೆ ಎಷ್ಟು ತಿಂಗಳು ಇದೆ, ಆ ತಿಂಗಳುಗಳು ಯಾವುವು ಎಂಬುದನ್ನು ನೋಡಬೇಕು. ಅಕ್ಟೋಬರಿನಲ್ಲಿ ಇದೇ ಗೀರು ಬಿದ್ದಿದ್ದರೆ ಕೈಯಿಂದಲೇ ಕೊಡು ಎನ್ನಲು ನಾನು ಎರಡನೇ ಯೋಚನೆ ಮಾಡುತ್ತಿರಲಿಲ್ಲ. ಏಪ್ರಿಲ್ ಕೊನೆ ಎಂದರೆ ನಮ್ಮ ಕರಾವಳಿಯ ಇಡೀ ಮಳೆಗಾಲ ಮುಂದೆ ಇದೆ.

ಹಾಗೆಯೇ ರಿನ್ಯೂವಲ್ ಆದ ಮೇಲಿನ ವರ್ಷಗಳೂ. ನವೆಂಬರ್ ದಾಟಿ, ಅದರ ಮರುವರ್ಷದಲ್ಲಿ ಇನ್ನೊಂದು ಕ್ಲೇಮ್ ಆಯಿತು ಎಂದುಕೊಳ್ಳಿ. ಅಲ್ಲಿಗೆ ಎರಡೂ ದಾರಿಗಳು ಮತ್ತೆ ಸೊನ್ನೆಯಲ್ಲಿ ಸೇರುತ್ತವೆ. ಇಂದಿನ ಕ್ಲೇಮಿನಿಂದ ಆದ ನಷ್ಟ ಮೊದಲ ರಿನ್ಯೂವಲ್‌ನ 3,600 ಮಾತ್ರ, ಜಿಎಸ್‌ಟಿ ಸೇರಿ 4,248. ಅದು 4,750ಕ್ಕಿಂತ ಕಡಿಮೆ, ಅಂದರೆ ಆ ಸಂದರ್ಭದಲ್ಲಿ ಕ್ಲೇಮ್ ಮಾಡಿದ್ದೇ ಸ್ವಲ್ಪ ಲಾಭ. ಇನ್ನೊಂದು ವರ್ಷ ಶುದ್ಧವಾಗಿ ಕಳೆದು, ಎರಡನೇ ರಿನ್ಯೂವಲ್ ಕೂಡ ದಾಟಿದರೆ ನಷ್ಟ 6,868ಕ್ಕೆ ಏರುತ್ತದೆ, ಆಗ ಕೈಯಿಂದ ಕೊಟ್ಟದ್ದು ಲಾಭ. ಹೀಗೆ ಐದು ವರ್ಷದ ದೊಡ್ಡ ಪ್ರಶ್ನೆ ಒಂದು ಚಿಕ್ಕ ಪ್ರಶ್ನೆಯಾಗಿ ಇಳಿಯಿತು: ಇಂದಿನಿಂದ ಎರಡನೇ ರಿನ್ಯೂವಲ್‌ವರೆಗೆ, ಸುಮಾರು ಒಂದೂವರೆ ವರ್ಷ, ಈ ಕಾರಿಗೆ ಮತ್ತೊಂದು ಕ್ಲೇಮ್ ಬರುವ ಸಂಭವ ಎಷ್ಟು?

ಇದಕ್ಕೆ ಕಾರಿನ ಬದುಕನ್ನೇ ನೋಡಿ ಉತ್ತರ ಹೇಳಬೇಕು. ಅಕ್ಕ ಓಡಿಸುವುದು ಮನೆಯಿಂದ ಮಣಿಪಾಲಕ್ಕೆ, ವಾರಕ್ಕೊಮ್ಮೆ ಪೇಟೆಗೆ. ಮಳೆಗಾಲದಲ್ಲಿ ಕಾರು ನಿಲ್ಲುವುದು ಮನೆಯ ಪಕ್ಕದ ಶೆಡ್ಡಿನಲ್ಲಿ, ಮೇಲೆ ಮರವಿಲ್ಲ. ಮನೆ ಎತ್ತರದಲ್ಲಿದೆ, ನೀರು ಬರುವ ಜಾಗವಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಕ್ಲೇಮ್ ಇಲ್ಲದೆ ಕಳೆದಿದೆ. ನನಗೆ ಇದ್ದ ಒಂದೇ ಅನುಮಾನ ಸೋದರಳಿಯನದ್ದು. ಅವನು ಈಗಷ್ಟೇ ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ, ಆ ಓಣಿಯಲ್ಲೇ ಕೈ ಪಳಗಿಸಬೇಕು. “ಅವ ಜೂನ್‌ನಲ್ಲಿ ಬೆಂಗಳೂರಿಗೆ ಹೊರಡ್ತಾನೆ, ಅಲ್ಲಿವರೆಗೆ ನಾನು ಪಕ್ಕದಲ್ಲಿ ಕೂತೇ ಇರ್ತೇನೆ” ಎಂದಳು ಅಕ್ಕ. ಅವನು ಇಲ್ಲೇ ಇದ್ದು ದಿನಾ ಕಾರು ತೆಗೆಯುವವನಾಗಿದ್ದರೆ, ಈ ವರ್ಷ ಕ್ಲೇಮ್ ಮಾಡು, ಎನ್‌ಸಿಬಿ ಮತ್ತೆ ಕಟ್ಟುವುದನ್ನು ಅವನ ಕೈ ಪಳಗಿದ ಮೇಲೆ ಶುರು ಮಾಡುವ ಎಂದು ನಾನೇ ಹೇಳುತ್ತಿದ್ದೆ.

ಇಲ್ಲಿಗೆ ಬಂದಾಗ ಭಾವ ಇನ್ನೊಂದು ವಿಷಯ ಎತ್ತಿದ. ಬರುವ ವರ್ಷ ಈ ಕಾರು ಕೊಟ್ಟು ದೊಡ್ಡದೊಂದು ತೆಗೆಯುವ ಆಲೋಚನೆ ಅವನಿಗಿದೆ. “ಹೇಗೂ ಮಾರುವ ಕಾರು, ಅದರ ಎನ್‌ಸಿಬಿ ಯಾರಿಗೆ ಬೇಕು?” ಎಂದ. ಇದು ಬಹಳ ಮಂದಿಯ ತಿಳುವಳಿಕೆ, ಮತ್ತು ಇದರಿಂದ ಜನ ನಿಜವಾದ ದುಡ್ಡು ಕಳೆದುಕೊಳ್ಳುತ್ತಾರೆ. ಎನ್‌ಸಿಬಿ ಕಾರಿನದ್ದಲ್ಲ, ಪಾಲಿಸಿದಾರರದ್ದು. ಹಳೆಯ ಕಾರು ಮಾರಿದಾಗ ಅದು ಕೊಂಡವರ ಜೊತೆ ಹೋಗುವುದಿಲ್ಲ. ಮಾರಾಟದ ದಾಖಲೆ ಕೊಟ್ಟು ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದರೆ, ಅದೇ ಹೆಸರಿನಲ್ಲಿ ಕೊಳ್ಳುವ ಹೊಸ ಕಾರಿಗೆ ಆ ರಿಯಾಯಿತಿ ಹತ್ತುತ್ತದೆ. ಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹೊಸ ಕಾರಿನ ಓಡಿ ಪ್ರೀಮಿಯಂ 20,000 ಎಂದಿಟ್ಟುಕೊಂಡರೆ ಅದರ ಶೇ. 45 ಎಂದರೆ 9,000, ಜಿಎಸ್‌ಟಿ ಸೇರಿ 10,620. ಐದು ವರ್ಷದಲ್ಲಿ ಬರುವುದೆಂದು ನಾನು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು, ಒಂದೇ ಸಲಕ್ಕೆ. ಕಾರು ಬದಲಿಸುವ ಆಲೋಚನೆ ಇರುವವರು ಸಣ್ಣ ಕ್ಲೇಮಿನಿಂದ ದೂರ ಇರಲು ಇನ್ನೂ ಬಲವಾದ ಕಾರಣ ಇದು. ಹೊಸ ಕಾರು ಅಕ್ಕನ ಹೆಸರಿನಲ್ಲೇ ಆಗಬೇಕು ಎಂದು ನಾನು ಸೇರಿಸಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕನಿಗೆ ಆ ಷರತ್ತು ಬಹಳ ಇಷ್ಟವಾಯಿತು.

ಇದರ ವಿರುದ್ಧದ ಸಂದರ್ಭವೂ ಇದೆ. ಕಾರು ಹಳೆಯದಾಗಿ, ಮುಂದಿನ ವರ್ಷದಿಂದ ಥರ್ಡ್ ಪಾರ್ಟಿ ಮಾತ್ರ ಸಾಕು ಎಂದುಕೊಂಡವರಿಗೆ, ಅಥವಾ ಕಾರು ಮಾರಿ ಮತ್ತೆ ಕೊಳ್ಳದವರಿಗೆ, ಎನ್‌ಸಿಬಿಯಿಂದ ಪ್ರಯೋಜನವೇ ಇಲ್ಲ. ಅವರು ಸಣ್ಣ ಪೆಟ್ಟಿಗೂ ಧಾರಾಳವಾಗಿ ಕ್ಲೇಮ್ ಮಾಡಬಹುದು. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದವರಿಗೂ ಎನ್‌ಸಿಬಿ ಉಳಿಯುವುದಿಲ್ಲ. ಕೈಯಿಂದ ಸಾವಿರಗಟ್ಟಲೆ ಕೊಟ್ಟು ಉಳಿಸಿಕೊಂಡದ್ದನ್ನು ತಾರೀಕು ಮರೆತು ಕಳೆದುಕೊಂಡವರನ್ನು ಕಂಡು ನನಗೆ ನಿಜವಾಗಿ ಸಂಕಟವಾಗಿದೆ.

ನಿರ್ಧಾರಕ್ಕೆ ಸಿಗುವ ಸಮಯ ಕೆಲವೇ ದಿನ. ಸರ್ವೇಯರ್ ನೋಡುವ ಮುಂಚೆ ರಿಪೇರಿ ಮಾಡಿಸಿದರೆ ಮತ್ತೆ ಕ್ಲೇಮ್ ಕೇಳಲು ದಾರಿ ಇಲ್ಲ. ಹಾಗೆಂದು ಮಳೆಗಾಲ ಮುಗಿಯಲಿ, ಆಮೇಲೆ ನೋಡುವ ಎಂದು ಕಾಯಲೂ ಆಗದು. ಅಪಘಾತವನ್ನು ತಡಮಾಡದೆ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು. ಅದಲ್ಲದೆ ನಮ್ಮ ಉಪ್ಪುಗಾಳಿಯಲ್ಲಿ ಪೈಂಟ್ ಕಿತ್ತು ತಗಡು ಕಂಡ ಗೀರು ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ಹಾನಿಗೆ ವಿಮೆ ಇಲ್ಲ. ಇನ್ನೊಂದು ಆಲೋಚನೆ ಆಗಾಗ ಕೇಳಿಬರುತ್ತದೆ: ಈಗಿನ ಗೀರನ್ನು ಹಾಗೇ ಬಿಟ್ಟು, ಮುಂದೆ ಪೆಟ್ಟಾದಾಗ ಎರಡನ್ನೂ ಒಂದೇ ಅಪಘಾತ ಎಂದು ತೋರಿಸುವುದು. ಅದು ಸುಳ್ಳು, ಸಿಕ್ಕಿಬೀಳುವುದೂ ಸುಲಭ. ಅನುಭವ ಇರುವ ಸರ್ವೇಯರ್ ಗೀರಿನ ದಿಕ್ಕು ನೋಡುತ್ತಾರೆ, ನೆಲದಿಂದ ಎಷ್ಟು ಎತ್ತರ ಎಂದು ಅಳೆಯುತ್ತಾರೆ, ತುಕ್ಕಿನ ಬಣ್ಣ ನೋಡುತ್ತಾರೆ. ಅಕ್ಕನ ಬಾಗಿಲಿನ ಗೀರಿನೊಳಗೆ ಮುರಕಲ್ಲಿನ ಕೆಂಪು ಹುಡಿ ಕೂತಿತ್ತು. ಅದನ್ನು ನೋಡಿದವರಿಗೆ ಬೇರೆ ಕಾರು ತಾಗಿದ್ದು ಎಂದು ಹೇಳಿ ನಂಬಿಸಲು ಸಾಧ್ಯವಿಲ್ಲ. ಬೇರೆ ಬೇರೆ ದಿನದ ಪೆಟ್ಟುಗಳು ಬೇರೆ ಬೇರೆ ಕ್ಲೇಮುಗಳೇ, ಒಂದೊಂದಕ್ಕೂ ಕಡ್ಡಾಯ ಕಡಿತ ಪ್ರತ್ಯೇಕ.

ಕ್ಲೇಮ್ ಮಾಡಿ, ರಿನ್ಯೂವಲ್‌ನಲ್ಲಿ ಬೇರೆ ಕಂಪನಿಗೆ ಹೋದರೆ ಗೊತ್ತಾಗುವುದಿಲ್ಲ ಎಂಬುದೂ ಅಂಥದೇ ಮಾತು. ಹೊಸ ಕಂಪನಿ ಹಳೆಯ ಕಂಪನಿಯಿಂದ ಎನ್‌ಸಿಬಿ ಖಚಿತಪಡಿಸಿಕೊಳ್ಳುತ್ತದೆ. ನೀವು ಕೊಟ್ಟ ಘೋಷಣೆ ಸುಳ್ಳೆಂದು ಕಂಡರೆ ಪಾಲಿಸಿಯ ಓಡಿ ಭಾಗದ ಪ್ರಯೋಜನವೇ ರದ್ದಾಗುತ್ತದೆ. ನಾಲ್ಕು ಸಾವಿರ ಉಳಿಸಲು ಹೋಗಿ ಇಡೀ ಕಾರಿನ ರಕ್ಷಣೆ ಕಳೆದುಕೊಂಡಂತೆ.

ಇನ್ನೊಂದು: ಎಸ್ಟಿಮೇಟ್ ತೆಗೆದುಕೊಳ್ಳುವುದಕ್ಕೂ ಕ್ಲೇಮ್ ದಾಖಲಿಸುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಪಾಲಿಸಿ ನಂಬರ್ ಕೊಡಬೇಕಾಗಿಲ್ಲ. ಅಕ್ಕ ಕೌಂಟರಿನಲ್ಲಿ ನಂಬರ್ ಕೊಡುವ ಮುಂಚೆ ನನಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ದಾಖಲಾದ ಮೇಲೆ ಬೇಡ ಎನ್ನುವುದಾದರೆ, ಹಣ ಪಾವತಿಯಾಗುವ ಮುಂಚೆ ಹಿಂತೆಗೆದುಕೊಂಡು, ಪಾವತಿ ಇಲ್ಲದೆ ಮುಚ್ಚಿದ್ದೇವೆ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಬೇಕು. ರಿನ್ಯೂವಲ್ ಸಮಯದಲ್ಲಿ ಕ್ಲೇಮ್ ತೆರೆದೇ ಇದ್ದರೆ ಅದು ಬಾಕಿ ಕ್ಲೇಮ್ ಎಂದೇ ಲೆಕ್ಕ, ಎನ್‌ಸಿಬಿ ಸಿಗುವುದಿಲ್ಲ.

ಕೊನೆಗೆ ಅಕ್ಕ 9,000 ಕೊಟ್ಟಳು. ಬೆಸುಗೆ ಚೆನ್ನಾಗಿ ಕೂತಿದೆ. ಬಾಗಿಲಿನ ಬಿಳಿ, ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ, ಪಕ್ಕದ ಬಾಗಿಲಿಗಿಂತ ತುಸು ಹೊಸದಾಗಿ ಕಾಣುತ್ತದೆ. ಅವಳ “ಇನ್ಶೂರೆನ್ಸ್ ಎಂತಕ್ಕೆ?” ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಒಂದು ಸಂಖ್ಯೆ. ಕ್ಲೇಮಿನಿಂದ ನಿನ್ನ ಕೈಯಲ್ಲಿ ನಿಜವಾಗಿ ಉಳಿಯುವ ಹಣ 10,340 ದಾಟಿದರೆ ಕಣ್ಣುಮುಚ್ಚಿ ಕ್ಲೇಮ್ ಹಾಕು. ಐದು ಸಾವಿರದ ಕೆಳಗಿದ್ದರೆ ಆ ಯೋಚನೆಯೇ ಬೇಡ. ನಡುವೆ ಇದ್ದರೆ ರಿನ್ಯೂವಲ್ ತಾರೀಕು ಮತ್ತು ಕಾರು ಯಾರ ಕೈಯಲ್ಲಿ ಎಂಬುದನ್ನು ನೋಡಿಕೊಂಡು ನನಗೆ ಫೋನ್ ಮಾಡು ಎಂದೆ. ಅವಳು ಅದನ್ನು ಪಾಲಿಸಿಯ ಫೈಲಿನ ಮೇಲೆ ಬರೆದಿಟ್ಟಿದ್ದಾಳೆ. ಈ ಸಂಖ್ಯೆಗೆ ಒಂದೇ ವರ್ಷ ಆಯುಸ್ಸು. ನವೆಂಬರಿನಲ್ಲಿ ಅವಳು 45ರ ಮೆಟ್ಟಿಲಿಗೆ ಹತ್ತುತ್ತಾಳೆ, ಕಾರಿನ ಬೆಲೆ ಇಳಿಯುತ್ತದೆ. ನಾನು ಈಗಲೇ ಲೆಕ್ಕ ಹಾಕಿ ಕಳಿಸಿದ್ದೇನೆ: ಕಾರು ಬದಲಿಸದಿದ್ದರೆ ಮುಂದಿನ ವರ್ಷಕ್ಕೆ ಅದು ಸುಮಾರು 10,000.